ಸ್ಟಾರ್ಟಪ್ ಸಂಸ್ಥಾಪಕರಿಗೆ ನೇರ ಸಂದೇಶ: 200 ಅಕ್ಷರದಲ್ಲಿ ಏನು ಹೇಳಬೇಕು, ಏನು ಬಿಡಬೇಕು?

ಅರ್ಧವಿರಾಮ

ನಾನು ಫ್ರೀಲಾನ್ಸ್ ಟೆಕ್ನಿಕಲ್ ರೈಟರ್. ಎಪಿಐ ಡಾಕ್ಸ್, ಕ್ವಿಕ್‌ಸ್ಟಾರ್ಟ್ ಪುಟ, ಡೆವಲಪರ್‌ಗಳಿಗೆ ಬೇಕಾದ ಗೈಡ್, ಇವು ನನ್ನ ಕೆಲಸ. ಏಜೆನ್ಸಿ ಬಿಟ್ಟು ನೇರವಾಗಿ ಸಣ್ಣ ಸ್ಟಾರ್ಟಪ್‌ಗಳ ಸಂಸ್ಥಾಪಕರಿಗೆ ಲಿಂಕ್ಡ್‌ಇನ್‌ನಲ್ಲಿ ಬರೆಯುತ್ತಿದ್ದೇನೆ. 40 ಜನರಿಗೆ ಹೋಯಿತು, ಉತ್ತರ ಒಂದೂ ಇಲ್ಲ. ಕಳಿಸುತ್ತಿದ್ದದ್ದು ಇದು (ಮೂಲ ಇಂಗ್ಲಿಷ್, ಇಲ್ಲಿಗಾಗಿ ಕನ್ನಡದಲ್ಲಿ):

> ನಮಸ್ಕಾರ, ನೀವು ಕ್ಷೇಮವೆಂದು ಭಾವಿಸುತ್ತೇನೆ. ನಿಮ್ಮ ಕಂಪನಿಯ ಪಯಣ ನಿಜಕ್ಕೂ ಸ್ಫೂರ್ತಿದಾಯಕ. ನಾನು 6 ವರ್ಷ ಅನುಭವವಿರುವ ಕಂಟೆಂಟ್ ವೃತ್ತಿಪರೆ. ಬ್ಲಾಗ್, ಕೇಸ್ ಸ್ಟಡಿ, ಎಪಿಐ ಡಾಕ್ಸ್, ನ್ಯೂಸ್‌ಲೆಟರ್ ಎಲ್ಲವನ್ನೂ ಬರೆಯುತ್ತೇನೆ. ನಿಮ್ಮ ಬೆಳವಣಿಗೆಗೆ ಹೇಗೆ ನೆರವಾಗಬಹುದೆಂದು ಚರ್ಚಿಸಲು ಈ ವಾರ 15 ನಿಮಿಷ ಸಿಗಬಹುದೇ? ನನ್ನ ಪೋರ್ಟ್‌ಫೋಲಿಯೋ ಕೆಳಗಿದೆ.

ಸಂಪರ್ಕ ಒಪ್ಪಿಕೊಂಡ ತಕ್ಷಣ ಇದನ್ನು ಹಾಕುತ್ತೇನೆ. ಒಪ್ಪಿಕೊಳ್ಳುವವರೇನೋ ಇದ್ದಾರೆ, ಆಮೇಲೆ ಮೌನ. ಎಲ್ಲಿ ಎಡವುತ್ತಿದ್ದೇನೆ?

ಬಾಗಿಲಾಚೆ

ನಾನು ಆ ಕಡೆ ಕೂತಿರುವವನು, ಹನ್ನೆರಡು ಜನರ ಕಂಪನಿ. ನಮಗೆ ಇದು ಹೇಗೆ ಕಾಣುತ್ತದೆ ಅಂತ ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ತಿಳಿದವರು ಹೇಳಲಿ.

ಫೋನಿನಲ್ಲಿ ಸಂದೇಶಗಳ ಪಟ್ಟಿ ತೆರೆದರೆ ಕಾಣುವುದು ಫೋಟೋ, ಹೆಸರು, ಮೊದಲ ಸಾಲಿನ ಒಂದು ಚೂರು. ನಿಮ್ಮ ಸಂದೇಶದಲ್ಲಿ ಆ ಚೂರು "ನಮಸ್ಕಾರ, ನೀವು ಕ್ಷೇಮವೆಂದು". ಅದೇ ಪಟ್ಟಿಯಲ್ಲಿ ಮೇಲೂ ಕೆಳಗೂ ಅಂಥವೇ ಇರುತ್ತವೆ. ತೆರೆಯುವುದಿಲ್ಲ, ಅಷ್ಟೇ. ಕೋಪವೂ ಇಲ್ಲ, ತಿರಸ್ಕಾರವೂ ಇಲ್ಲ.

ತೆರೆದರೂ ಕಷ್ಟ. "ಚರ್ಚಿಸಲು 15 ನಿಮಿಷ" ಅಂದರೆ ನಾನು ಕ್ಯಾಲೆಂಡರ್ ನೋಡಬೇಕು, ಏನು ಚರ್ಚೆ ಅಂತ ನಾನೇ ಊಹಿಸಬೇಕು. ನಾಲ್ಕು ಬಗೆಯ ಕೆಲಸ ಹೇಳಿದ್ದೀರಿ, ಅದರಲ್ಲಿ ನನಗೆ ಯಾವುದು ಬೇಕು ಅಂತ ಹುಡುಕುವ ಕೆಲಸವೂ ನನ್ನದೇ ಆಯಿತು.

ಮೊದಲಹೆಜ್ಜೆ

ಒಳ್ಳೆ ಚರ್ಚೆ. ನನ್ನ ಪಿಚ್ ಡೆಕ್ 14 ಸ್ಲೈಡ್ ಇದೆ, ಸಂದೇಶದ ಜೊತೆಗೇ ಪಿಡಿಎಫ್ ಹಾಕಬೇಕಾ ಅಥವಾ ಒಪ್ಪಿಕೊಂಡ ಮೇಲಾ? ಹೂಡಿಕೆದಾರರು ಸಂಸ್ಥಾಪಕರಿಗಿಂತ ಬೇಗ ನೋಡ್ತಾರೆ ಅನ್ಸುತ್ತೆ.

ಕೀಲಿಮಣೆ

@ಮೊದಲಹೆಜ್ಜೆ, ಇಲ್ಲಿ ಮಾತಾಡುತ್ತಿರುವುದು ಸಂಸ್ಥಾಪಕರಿಂದ ಕೆಲಸ ಪಡೆಯುವ ಬಗ್ಗೆ, ಹೂಡಿಕೆ ಎತ್ತುವ ಬಗ್ಗೆ ಅಲ್ಲ. ಅದಕ್ಕೆ ಬೇರೆ ಎಳೆ ತೆರೆಯಿರಿ.

@ಅರ್ಧವಿರಾಮ, ಬಾಗಿಲಾಚೆಯವರು ಹೇಳಿದ್ದರಿಂದಲೇ ಶುರು ಮಾಡೋಣ. ನಿಮ್ಮ ಸಂದೇಶ ಯಾವ ಕಂಪನಿಗೆ ಹೋದರೂ ಒಂದು ಪದವೂ ಬದಲಾಗಬೇಕಿಲ್ಲ. ಓದುವವರಿಗೆ ಅದು ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ನಾನು ಹಾಕುವ ಪರೀಕ್ಷೆ ಒಂದೇ: ಕಂಪನಿಯ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ಸಂದೇಶ ನಿಲ್ಲುತ್ತದೆಯೇ? ನಿಂತರೆ ಅದನ್ನು ಕಳಿಸಬೇಡಿ.

ಹಾಗಾದರೆ ಬರೆಯುವುದೇನು? ಅವರ ಉತ್ಪನ್ನದಲ್ಲಿ ನೀವು ನಿಮ್ಮ ಕೈಯಾರೆ ಕಂಡ ಒಂದೇ ಒಂದು ಸಂಗತಿ. ಅದಕ್ಕೆ ಮೂರು ಗುಣ ಬೇಕು. ಅವರು ಒಂದು ನಿಮಿಷದೊಳಗೆ ತಾವೇ ತೆರೆದು ನೋಡಿ "ಹೌದಲ್ಲ" ಅನ್ನುವಂತಿರಬೇಕು. ಅದರಿಂದ ಅವರ ಬಳಕೆದಾರರಿಗೆ ನಷ್ಟವಾಗುತ್ತಿರಬೇಕು. ಮತ್ತು ಅದನ್ನು ಸರಿಪಡಿಸುವುದು ನೀವು ಮಾರುವ ಕೆಲಸವೇ ಆಗಿರಬೇಕು. ಮೂರನೆಯದನ್ನು ಜನ ಮರೆಯುತ್ತಾರೆ: ಡಾಕ್ಸ್ ಬರೆಯುವವರು ವೆಬ್‌ಸೈಟಿನ ಬಣ್ಣದ ಬಗ್ಗೆ ಹೇಳಿದರೆ ಸಂಸ್ಥಾಪಕರು ಡಿಸೈನರ್‌ಗೆ ಹೇಳುತ್ತಾರೆ, ನಿಮಗಲ್ಲ.

ನಿಮ್ಮ ಕಸುಬಿನಲ್ಲಿ ಇದನ್ನು ಹುಡುಕುವುದು ಸುಲಭ. ಹೊಸ ಇಮೇಲ್‌ನಿಂದ ಖಾತೆ ತೆರೆಯಿರಿ. ಅವರ ಕ್ವಿಕ್‌ಸ್ಟಾರ್ಟ್ ಪುಟವನ್ನು ಮೊದಲ ಸಲ ನೋಡುವವರ ಹಾಗೆ, ಒಂದು ಹಂತವನ್ನೂ ಹಾರಿಸದೆ, ಕೊಟ್ಟ ಕೋಡನ್ನು ಹಾಗೇ ನಕಲಿಸಿ ಓಡಿಸಿ. ಗಡಿಯಾರ ಇಟ್ಟುಕೊಳ್ಳಿ. ಎಲ್ಲಿ ನಿಂತಿತೋ ಆ ಹಂತ, ಬಂದ ದೋಷಸಂದೇಶ, ಮುಂದೆ ಹೋಗಲು ನೀವು ಎಲ್ಲೆಲ್ಲಿ ಹುಡುಕಬೇಕಾಯಿತು, ಇದನ್ನು ಬರೆದಿಡಿ. ಒಂದು ಕಂಪನಿಗೆ 45 ನಿಮಿಷ ಮೀರಿಸಬೇಡಿ. ಅಷ್ಟರಲ್ಲಿ ಏನೂ ಸಿಗದಿದ್ದರೆ ಅವರ ಡಾಕ್ಸ್ ಚೆನ್ನಾಗಿದೆ ಎಂದರ್ಥ, ಅವರು ನಿಮ್ಮ ಗಿರಾಕಿಯಲ್ಲ.

ಗುಂಡಿಒತ್ತು

45 ನಿಮಿಷ × 40 ಜನ. ಬದುಕೋದು ಯಾವಾಗ ಗುರುಗಳೇ? ಟೂಲ್ ಹಾಕಿ ದಿನಕ್ಕೆ 30 ಇನ್ವೈಟ್ ಕಳಿಸಿ, ನೂರಕ್ಕೆ ಇಬ್ಬರು ಸಿಕ್ರೂ ಲಾಭ ಅಲ್ವಾ?

ಕೀಲಿಮಣೆ

ಆ ಲೆಕ್ಕ ಲಿಂಕ್ಡ್‌ಇನ್‌ನಲ್ಲಿ ಕೂರುವುದಿಲ್ಲ. ತಾನಾಗಿ ಇನ್ವೈಟ್ ಕಳಿಸುವ ಟೂಲ್‌ಗಳನ್ನು ಅವರ ಬಳಕೆದಾರ ಒಪ್ಪಂದವೇ ನಿಷೇಧಿಸಿದೆ, ಖಾತೆ ನಿರ್ಬಂಧವಾದರೆ ಹಳೆಯ ಗಿರಾಕಿಗಳ ಜೊತೆಗಿನ ಮಾತೂ ನಿಲ್ಲುತ್ತದೆ. ಕಾಯುತ್ತಿರುವ ಇನ್ವೈಟ್ ರಾಶಿ ಬಿದ್ದರೆ, ಅಥವಾ ತುಂಬ ಜನ "ಇವರು ನನಗೆ ಗೊತ್ತಿಲ್ಲ" ಎಂದು ಒತ್ತಿದರೆ, ಹೊಸ ಇನ್ವೈಟ್ ಕಳಿಸುವುದಕ್ಕೇ ತಡೆ ಬೀಳಬಹುದು.

ಇನ್ನೊಂದು ಮಾತು. ಉಚಿತ ಖಾತೆಯಲ್ಲಿ ಟಿಪ್ಪಣಿ ಸೇರಿಸಿದ ಇನ್ವೈಟ್ ತಿಂಗಳಿಗೆ ಬೆರಳೆಣಿಕೆಯಷ್ಟು ಮಾತ್ರ, ಟಿಪ್ಪಣಿಯ ಉದ್ದ 200 ಅಕ್ಷರ. ಹಣ ಕೊಟ್ಟ ಖಾತೆಯಲ್ಲಿ 300. ಆದ್ದರಿಂದ ಉಚಿತ ಖಾತೆಯವರಿಗೆ ವಾರಕ್ಕೆ ಒಂದೋ ಎರಡೋ ಕಂಪನಿ ಆರಿಸುವುದು ಹೇಗೂ ಅನಿವಾರ್ಯ. ಆಗ 45 ನಿಮಿಷ ಹೆಚ್ಚಲ್ಲ.

ಎರಡನೇಸಾಲು

ಒಂದು ಸುಲಭದ ದಾರಿ ಹೇಳುತ್ತೇನೆ. ಫಂಡಿಂಗ್ ಸುದ್ದಿ ಬಂದ ದಿನವೇ ಬರೆಯಿರಿ. ಕೈಯಲ್ಲಿ ಹಣ ಇರುತ್ತದೆ, ಖರ್ಚು ಮಾಡುವ ಮನಸ್ಸೂ ಇರುತ್ತದೆ. "ಅಭಿನಂದನೆ" ಅಂತ ಶುರು ಮಾಡಿದರೆ ತೆರೆಯದೆ ಇರುವವರು ಯಾರು?

ಬಾಗಿಲಾಚೆ

ನಾನು ತೆರೆಯುವುದಿಲ್ಲ :) ಆ ವಾರ ನೇಮಕಾತಿ ಏಜೆನ್ಸಿ, ವಕೀಲರು, ಆಫೀಸು ಜಾಗ ಕೊಡುವವರು, ಸಾಫ್ಟ್‌ವೇರ್ ಮಾರುವವರು, ಎಲ್ಲರೂ "ಅಭಿನಂದನೆ" ಅಂತಲೇ ಶುರು ಮಾಡಿರುತ್ತಾರೆ. ನಿಜವಾಗಿ ಅಭಿನಂದಿಸಿದ ಗೆಳೆಯರ ಸಂದೇಶವೇ ಅದರಲ್ಲಿ ಮುಳುಗಿ ಹೋಗಿರುತ್ತದೆ.

ಕೀಲಿಮಣೆ

ಎರಡನೇಸಾಲು ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಮಯ ಮುಖ್ಯ, ಹಣ ಬಂದಿದೆ ಅನ್ನುವುದೂ ಮುಖ್ಯ. ಆದರೆ ಸುದ್ದಿಯ ದಿನ ಬಾಗಿಲ ಮುಂದೆ ಸಾಲು ಉದ್ದ. ಆ ಸುದ್ದಿಯನ್ನು ಪಟ್ಟಿ ಮಾಡಿಕೊಳ್ಳಲು ಬಳಸಿ, ಬರೆಯಲು ಆರೆಂಟು ವಾರ ಕಾಯಿರಿ.

ಡಾಕ್ಸ್ ಕೆಲಸಕ್ಕೆ ನಾನು ನೋಡುವ ಸುಳಿವುಗಳು ಬೇರೆ. ಚೇಂಜ್‌ಲಾಗ್‌ನಲ್ಲಿ ಹೊಸ ಆವೃತ್ತಿ ಬಂದಿದೆ, ಗೈಡ್ ಪುಟಗಳಲ್ಲಿ ಇನ್ನೂ ಹಳೆಯದೇ ಇದೆ. ಮೊದಲ ಡೆವಲಪರ್ ಅಡ್ವೊಕೇಟ್ ಅಥವಾ ಸಪೋರ್ಟ್ ಎಂಜಿನಿಯರ್ ಹುದ್ದೆಗೆ ಜಾಹೀರಾತು ಹಾಕಿದ್ದಾರೆ, ಅಂದರೆ ಪ್ರಶ್ನೆಗಳು ಕೈಮೀರಿವೆ. ಗಿಟ್‌ಹಬ್‌ನಲ್ಲಿ ಒಂದೇ ಪ್ರಶ್ನೆಯನ್ನು ಮೂವರು ಬೇರೆಬೇರೆ ಇಶ್ಯೂ ಆಗಿ ಕೇಳಿದ್ದಾರೆ, ಮೂರಕ್ಕೂ ಸಂಸ್ಥಾಪಕರೇ ಉತ್ತರಿಸಿದ್ದಾರೆ. ಈ ಕೊನೆಯದು ಚಿನ್ನ. ಡಾಕ್ಸ್ ಸರಿಯಿಲ್ಲದ್ದಕ್ಕೆ ಅವರ ಸ್ವಂತ ಸಮಯ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ, ಜೊತೆಗೆ ಯಾರಿಗೆ ಬರೆಯಬೇಕು ಎಂಬುದೂ ಅಲ್ಲೇ ತಿಳಿಯುತ್ತದೆ. ಇಬ್ಬರು ಸಂಸ್ಥಾಪಕರಿದ್ದರೆ ಇಶ್ಯೂಗಳಿಗೆ ಉತ್ತರಿಸುವವರಿಗೇ ಬರೆಯಿರಿ, ಸಂದರ್ಶನ ಕೊಡುವವರಿಗಲ್ಲ.

ಕಂಪನಿ ದೊಡ್ಡದಾದ ಮೇಲೆ ಸಂಸ್ಥಾಪಕರಿಗೆ ಬರೆಯುವುದರಲ್ಲಿ ಅರ್ಥವಿಲ್ಲ. ಇಂತಿಷ್ಟು ಜನ ಎಂಬ ಗೆರೆ ಇಲ್ಲ. ಡಾಕ್ಸ್‌ಗೆ ಅಂತಲೇ ಒಬ್ಬರು ಇದ್ದರೆ ಅವರನ್ನು ದಾಟಿ ಮೇಲೆ ಹೋಗಬೇಡಿ. ಅವರ ತಪ್ಪನ್ನು ಅವರ ಯಜಮಾನರಿಗೆ ಹೇಳಿದಂತಾಗುತ್ತದೆ.

ಚೌಕಟ್ಟು

ನಾನು ವಿಡಿಯೋ ಎಡಿಟರ್, ಡೆಮೋ ವಿಡಿಯೋ ಮಾಡುತ್ತೇನೆ. ನನಗೆ 401, 404 ಇಂಥ ದೋಷಸಂಖ್ಯೆಗಳೆಲ್ಲ ಇಲ್ಲ. "ವಿಡಿಯೋ ಚೆನ್ನಾಗಿಲ್ಲ" ಅನ್ನುವುದು ಅಭಿಪ್ರಾಯವಾಯಿತು, ಸಂಗತಿ ಹೇಗಾಗುತ್ತದೆ?

ಕೀಲಿಮಣೆ

ಅಳೆಯುವಂತೆ ಹೇಳಿದರೆ ಆಗುತ್ತದೆ. ಅವರ ಮುಖಪುಟದ ಡೆಮೋವನ್ನು ಫೋನಿನಲ್ಲಿ ನೆಟ್ಟಗೆ ಹಿಡಿದು, ಶಬ್ದ ನಿಲ್ಲಿಸಿ ನೋಡಿ. ಉತ್ಪನ್ನದ ಪರದೆ ಮೊದಲ ಸಲ ಕಾಣುವುದು ಎಷ್ಟನೇ ಸೆಕೆಂಡಿಗೆ? ಪರದೆಯ ಮೇಲಿನ ಅಕ್ಷರ ಓದಲಾಗುತ್ತದೆಯೇ? "ಡೆಮೋದಲ್ಲಿ ಉತ್ಪನ್ನ ಕಾಣುವುದು 38ನೇ ಸೆಕೆಂಡಿಗೆ, ಫೋನಿನಲ್ಲಿ ಮೆನು ಅಕ್ಷರ ಓದಲು ಆಗುವುದಿಲ್ಲ" ಎಂದರೆ ಅವರು ತಕ್ಷಣ ತಮ್ಮ ಫೋನ್ ತೆಗೆದು ನೋಡುತ್ತಾರೆ. ಅಭಿಪ್ರಾಯ ಹೇಳಿದರೆ ವಾದಕ್ಕೆ ಇಳಿಯುತ್ತಾರೆ.

ಅರ್ಧವಿರಾಮ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೇಳಿದಂತೆಯೇ ಒಂದು ಕಂಪನಿ ಆರಿಸಿದೆ. ಫೈಲ್‌ಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಎಪಿಐ, ಏಳೆಂಟು ಜನ ಇರಬೇಕು. ಹೊಸ ಖಾತೆ, ಕ್ವಿಕ್‌ಸ್ಟಾರ್ಟ್, ಮೂರನೇ ಹಂತದಲ್ಲೇ ನಿಂತಿತು! ಹೆಸರು ಬದಲಿಸಿ ಹಾಕುತ್ತಿದ್ದೇನೆ:

```
curl -i https://api.example.com/v2/jobs \
  -H "Authorization: Token YOUR_KEY"

HTTP/2 401
```

ಎಲ್ಲ ಕಡೆ `Bearer` ಇರುತ್ತದೆ, ಇಲ್ಲಿ `Token` ಉಳಿದುಬಿಟ್ಟಿದೆ. ಟಿಪ್ಪಣಿ ಸಿದ್ಧ:

> ನಿಮ್ಮ ಕ್ವಿಕ್‌ಸ್ಟಾರ್ಟ್‌ನ 3ನೇ ಹಂತ 401 ಕೊಡುತ್ತಿದೆ: ಉದಾಹರಣೆಯಲ್ಲಿ ಹಳೆಯ Token ಹೆಡರ್ ಉಳಿದಿದೆ. ನಾನು ಎಪಿಐ ಡಾಕ್ಸ್ ಬರೆಯುತ್ತೇನೆ. ತಿದ್ದಿದ ಸಾಲು ಕಳಿಸಲೇ?

ಕಳಿಸಲಾ?

ಕೀಲಿಮಣೆ

ತಡೆಯಿರಿ. ರೂಪ ಸರಿಯಿದೆ. ಆದರೆ 401 ನೀವು ಕಂಡದ್ದು, "ಹಳೆಯ ಹೆಡರ್" ನೀವು ಊಹಿಸಿದ್ದು. ಅದೇ ಕೀ ಇಟ್ಟು `Token` ಜಾಗದಲ್ಲಿ `Bearer` ಹಾಕಿ ಓಡಿಸಿದಿರಾ? `200` ಬಂದರೆ ನಿಮ್ಮ ಮಾತು ನಿಂತಿತು. ಬರದಿದ್ದರೆ ಕಾರಣ ಬೇರೆ ಇದೆ. ಕೆಲವು ಎಪಿಐಗಳು `Token` ಎಂದೇ ಕೇಳುತ್ತವೆ, ಅದು ತಪ್ಪೇನಲ್ಲ.

ಅರ್ಧವಿರಾಮ

`Bearer` ಹಾಕಿದರೂ 401.

ಗುಂಡಿಒತ್ತು

ಕೀ ಕಾಪಿ ಮಾಡುವಾಗ ಕೊನೆಗೆ ಸ್ಪೇಸ್ ಸೇರಿರುತ್ತೆ ನೋಡಿ. ಇಲ್ಲಾಂದ್ರೆ ಟೆಸ್ಟ್ ಕೀ ಇಟ್ಕೊಂಡು ಲೈವ್ ವಿಳಾಸಕ್ಕೆ ಹೊಡೀತಿದ್ದೀರಿ. ಕೀ ಶುರುವಲ್ಲಿ ಏನಿದೆ?

ಅರ್ಧವಿರಾಮ

`test_` ಅಂತ ಇದೆ… ಡಾಕ್ಸ್‌ನ ಬೇರೊಂದು ಪುಟದಲ್ಲಿ ಟೆಸ್ಟ್‌ಗೆ ಬೇರೆ ವಿಳಾಸ ಕೊಟ್ಟಿದ್ದಾರೆ. ಅದಕ್ಕೆ ಅದೇ ಕೀ, ಅದೇ `Token` ಹೆಡರ್ ಹಾಕಿದರೆ `200` ಬಂತು. ಹೆಡರ್ ಸರಿಯಾಗಿಯೇ ಇದೆ. ತಪ್ಪು ನನ್ನದೇ ಆಯಿತಲ್ಲ. ಕಳಿಸಿದ್ದರೆ ಮಾನ ಹೋಗುತ್ತಿತ್ತು.

ಕೀಲಿಮಣೆ

ಅರ್ಧ ನಿಮ್ಮದು, ಅರ್ಧ ಅವರದು. ಕ್ವಿಕ್‌ಸ್ಟಾರ್ಟ್ ಪುಟ ಎರಡು ವಿಳಾಸ ಇವೆ ಎಂದು ಎಲ್ಲಾದರೂ ಹೇಳಿದೆಯೇ? ಹೊಸ ಖಾತೆಗೆ ಮೊದಲು ಸಿಗುವುದು ಯಾವ ಕೀ?

ಅರ್ಧವಿರಾಮ

ಹೊಸ ಖಾತೆಗೆ ಟೆಸ್ಟ್ ಕೀ ಮಾತ್ರ. ಕಾರ್ಡ್ ವಿವರ ಕೊಟ್ಟ ಮೇಲೆ ಲೈವ್ ಕೀ ಅಂತ ಡ್ಯಾಶ್‌ಬೋರ್ಡ್ ಹೇಳುತ್ತದೆ. ಕ್ವಿಕ್‌ಸ್ಟಾರ್ಟ್‌ನಲ್ಲಿ ಎರಡು ವಿಳಾಸದ ಸುದ್ದಿಯೇ ಇಲ್ಲ, ಇರುವುದು ಲೈವ್ ವಿಳಾಸ ಒಂದೇ.

ಕೀಲಿಮಣೆ

ಹಾಗಾದರೆ ನೀವು ಮೊದಲು ಹಿಡಿದದ್ದಕ್ಕಿಂತ ದೊಡ್ಡದು ಸಿಕ್ಕಿದೆ. ಹೊಸದಾಗಿ ಬಂದು ಅವರ ಪುಟವನ್ನೇ ನಂಬಿ ನಕಲಿಸಿದ ಪ್ರತಿಯೊಬ್ಬರಿಗೂ ಮೊದಲ ಕರೆಯಲ್ಲೇ 401 ಬರುತ್ತದೆ. ಅವರಲ್ಲಿ ಎಷ್ಟು ಮಂದಿ ಇನ್ನೊಂದು ಪುಟ ಹುಡುಕಿ ಬರುತ್ತಾರೆ? ಸಂಸ್ಥಾಪಕರಿಗೆ ಇದು ಕಾಣದಿರುವುದಕ್ಕೂ ಕಾರಣವಿದೆ. ಅವರ ತಂಡದ ಎಲ್ಲರ ಬಳಿಯೂ ಲೈವ್ ಕೀ ಇರುತ್ತದೆ, ಅವರು ಓಡಿಸಿದಾಗ ಯಾವತ್ತೂ `200`.

ಇನ್ನು ಎರಡು ಕೆಲಸ ಬಾಕಿ. ಇನ್ನೊಂದು ಹೊಸ ಖಾತೆಯಿಂದ ಮತ್ತೊಮ್ಮೆ ಮಾಡಿ ನೋಡಿ, ಒಮ್ಮೆ ಕಂಡದ್ದು ತಾತ್ಕಾಲಿಕ ತೊಂದರೆಯೂ ಇರಬಹುದು. ಆಮೇಲೆ ಅವರ ಗಿಟ್‌ಹಬ್ ಇಶ್ಯೂಗಳಲ್ಲಿ, ಚೇಂಜ್‌ಲಾಗ್‌ನಲ್ಲಿ `401` ಎಂದು ಹುಡುಕಿ. ಯಾರೋ ಆಗಲೇ ಹೇಳಿದ್ದರೆ, ಹೊಸ ಸುದ್ದಿ ತಂದವರಂತೆ ಬರೆಯಬೇಡಿ. "ಇಶ್ಯೂದಲ್ಲಿ ಕೇಳಿರುವ 401ಕ್ಕೆ ಕಾರಣ ಕ್ವಿಕ್‌ಸ್ಟಾರ್ಟ್ ಪುಟ" ಎಂದು ಬರೆದರೆ ಅದು ಇನ್ನೂ ಗಟ್ಟಿ.

ಗುಂಡಿಒತ್ತು

ನನಗೊಂದು ಡೌಟು. ಒಂದು ಸೈಟಿನ ಜಾವಾಸ್ಕ್ರಿಪ್ಟ್ ಫೈಲಲ್ಲಿ ಅವರ ರಹಸ್ಯ ಕೀ ಹಾಗೇ ಬಿದ್ದಿದೆ. ಇದಕ್ಕಿಂತ ಸ್ಪೆಸಿಫಿಕ್ ಪಿಚ್ ಇದೆಯಾ? "ನಿಮ್ಮ ಕೀ ಸಿಕ್ಕಿದೆ, ಮಾತಾಡೋಣ."

ಬಾಗಿಲಾಚೆ

ಆ ಸಾಲು ಓದಿದರೆ ನಾನು ಫೋನ್ ಮಾಡುವುದು ವಕೀಲರಿಗೆ.

ಕೀಲಿಮಣೆ

ಭದ್ರತೆಯ ದೋಷವನ್ನು ಪಿಚ್ ಮಾಡಬಾರದು. "ಕೆಲಸ ಕೊಟ್ಟರೆ ಹೇಳುತ್ತೇನೆ" ಎಂದು ನೀವು ಬರೆಯದಿದ್ದರೂ ಅವರಿಗೆ ಹಾಗೇ ಕೇಳಿಸುತ್ತದೆ. ಅವರ ಸೈಟಿನಲ್ಲಿ `/.well-known/security.txt` ಇದೆಯೇ ನೋಡಿ, ಭದ್ರತೆಯ ವಿಷಯ ಯಾರಿಗೆ ತಿಳಿಸಬೇಕೆಂದು ಹೇಳಲೆಂದೇ ಇರುವ ಫೈಲ್ ಅದು. ಇದ್ದರೆ ಅಲ್ಲಿ ಕೊಟ್ಟ ವಿಳಾಸಕ್ಕೆ ಪೂರ್ತಿ ವಿವರ ಬರೆಯಿರಿ, ಏನೂ ಕೇಳಬೇಡಿ. ಆ ಕೀ ಬಳಸಿ ಪರೀಕ್ಷೆ ಮಾಡಲೂ ಹೋಗಬೇಡಿ. ಕೆಲಸದ ಮಾತನ್ನು ಬೇರೆ ಕಾಲಕ್ಕೆ, ಬೇರೆ ವಿಷಯಕ್ಕೆ ಇಟ್ಟುಕೊಳ್ಳಿ.

ಎರಡನೇಸಾಲು

ಟಿಪ್ಪಣಿಯ ಬಗ್ಗೆಯೇ ನನ್ನ ತಕರಾರಿದೆ. ಟಿಪ್ಪಣಿ ಇಲ್ಲದ ಖಾಲಿ ಇನ್ವೈಟನ್ನೇ ಜನ ಹೆಚ್ಚು ಒಪ್ಪುತ್ತಾರೆ. ಟಿಪ್ಪಣಿ ಕಂಡರೆ "ಏನೋ ಮಾರಲು ಬಂದಿದ್ದಾರೆ" ಅನ್ನಿಸುತ್ತದೆ. ಖಾಲಿ ಕಳಿಸಿ, ಒಪ್ಪಿದ ಮೇಲೆ ಹೇಳಿ. ಟಿಪ್ಪಣಿಯ ಮಿತಿಯ ಕಾಟವೂ ಇಲ್ಲ.

ಕೀಲಿಮಣೆ

ಒಪ್ಪುವವರ ಸಂಖ್ಯೆ ನಮಗೆ ಬೇಕಾದ್ದಲ್ಲ. ಅರ್ಧವಿರಾಮ ಅವರನ್ನೂ ಜನ ಒಪ್ಪಿಕೊಂಡಿದ್ದರು, ಉತ್ತರ ಎಲ್ಲಿ ಬಂತು? ಖಾಲಿ ಇನ್ವೈಟ್ ಒಪ್ಪಿದ ಮರುಕ್ಷಣ ಪಿಚ್ ಬಿದ್ದರೆ ಮೋಸ ಹೋದೆ ಅನ್ನಿಸುತ್ತದೆ. ಟಿಪ್ಪಣಿಯಲ್ಲೇ ವಿಷಯ ಹೇಳಿದ್ದರೆ ಒಪ್ಪಿದವರು ವಿಷಯಕ್ಕೇ ಒಪ್ಪಿದ್ದಾರೆ.

ಬಾಗಿಲಾಚೆ

ನನ್ನ ಮಟ್ಟಿಗೆ ಇಬ್ಬರೂ ಸರಿಯಲ್ಲ. ಖಾಲಿ ಇನ್ವೈಟ್ ಬಂದಾಗ ಹೆಸರಿನ ಕೆಳಗಿನ ಹೆಡ್‌ಲೈನ್ ಓದಿ ತೀರ್ಮಾನಿಸುತ್ತೇನೆ. "ಎಪಿಐ ಡಾಕ್ಸ್ ಬರಹಗಾರ್ತಿ" ಅಂತಿದ್ದರೆ ಟಿಪ್ಪಣಿ ಇಲ್ಲದೆಯೂ ಒಪ್ಪುತ್ತೇನೆ. "ಕಥೆಗಳ ಮೂಲಕ ಬ್ರ್ಯಾಂಡ್‌ಗಳಿಗೆ ಜೀವ ತುಂಬುವವಳು" ಅಂತಿದ್ದರೆ ಟಿಪ್ಪಣಿ ಎಷ್ಟೇ ಚೆನ್ನಾಗಿದ್ದರೂ ಅನುಮಾನ.

ಎರಡನೇಸಾಲು

ಅದನ್ನೇ ನಾನು ಹೇಳಿದ್ದು, ಖಾಲಿ ಸಾಕು.

ಕೀಲಿಮಣೆ

ಅವರು ಹೇಳಿದ್ದು ಅದಲ್ಲ, ಇರಲಿ. ತಿಂಗಳ ಟಿಪ್ಪಣಿಗಳು ಮುಗಿದಿದ್ದರೆ ಖಾಲಿ ಕಳಿಸಿ, ಒಪ್ಪಿದ ಮೇಲೆ ಮೊದಲ ಸಾಲಿನಲ್ಲೇ ಸಂಗತಿ ಇಡಿ, ಧನ್ಯವಾದದಲ್ಲಿ ಜಾಗ ಕಳೆಯಬೇಡಿ. ಹೆಡ್‌ಲೈನ್ ಮಾತು ಮಾತ್ರ ನೂರಕ್ಕೆ ನೂರು ನಿಜ. ಸಂದೇಶ ಬರೆಯುವ ಮೊದಲು ಅದನ್ನು ತಿದ್ದಿ.

ಅರ್ಧವಿರಾಮ

ತಿದ್ದಿದೆ. ಎರಡನೇ ಖಾತೆಯಲ್ಲೂ ಅದೇ 401. ಇಶ್ಯೂಗಳಲ್ಲಿ ಹುಡುಕಿದೆ, ಇಬ್ಬರು "ಕೀ ಕೆಲಸ ಮಾಡುತ್ತಿಲ್ಲ" ಎಂದು ಕೇಳಿದ್ದಾರೆ, ಸಂಸ್ಥಾಪಕಿಯೇ "ಟೆಸ್ಟ್ ವಿಳಾಸ ಬಳಸಿ" ಎಂದು ಉತ್ತರಿಸಿದ್ದಾರೆ. ಪುಟ ಮಾತ್ರ ಹಾಗೇ ಇದೆ, ಪೈಥಾನ್ ಗೈಡ್‌ನಲ್ಲೂ ಅದೇ ಲೈವ್ ವಿಳಾಸ, ಅದೇ 401. ಹೊಸ ಟಿಪ್ಪಣಿ:

> ಹೊಸ ಖಾತೆಗೆ ಟೆಸ್ಟ್ ಕೀ ಸಿಗುತ್ತದೆ, ಕ್ವಿಕ್‌ಸ್ಟಾರ್ಟ್‌ನ 3ನೇ ಹಂತದ ವಿಳಾಸ ಲೈವ್‌ನದು. ನಕಲಿಸಿದವರಿಗೆ 401 ಬರುತ್ತದೆ. ನಾನು ಎಪಿಐ ಡಾಕ್ಸ್ ಬರೆಯುತ್ತೇನೆ. ತಿದ್ದಿದ ಸಾಲು ಕಳಿಸಲೇ?

ಕೀಲಿಮಣೆ

ಇದು ಸರಿ. ಬೇರೆ ಯಾವ ಕಂಪನಿಗೂ ಇದನ್ನು ಕಳಿಸಲಾಗದು. ನೋಡಿ, ಹೊಗಳಿಕೆ ಇಲ್ಲ, ಅನುಭವದ ವರ್ಷ ಇಲ್ಲ, ಲಿಂಕ್ ಇಲ್ಲ, ಮೀಟಿಂಗ್ ಕೇಳಿಲ್ಲ. ಉತ್ತರಿಸಲು "ಕಳಿಸಿ" ಎಂಬ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಬರೆಯುವಾಗ ಲೆಕ್ಕವನ್ನು ಆ ಪೆಟ್ಟಿಗೆಯಲ್ಲೇ ನೋಡಿಕೊಳ್ಳಿ, ಖಾಲಿ ಜಾಗವೂ ಎಣಿಕೆಗೆ ಬರುತ್ತದೆ.

ಬಾಗಿಲಾಚೆ

ಕೊನೆಯ ಪ್ರಶ್ನೆ ನನಗೆ ಹಿಡಿಸುವುದಿಲ್ಲ. ಉತ್ತರ ಗೊತ್ತಿದ್ದೂ ಕೈಯಲ್ಲಿ ಹಿಡಿದುಕೊಂಡು "ಕೊಡಲೇ" ಅನ್ನುವುದು ಗಾಳ ಹಾಕಿದ ಹಾಗೆ. ತಿದ್ದಿದ ಸಾಲನ್ನೇ ಕೊಟ್ಟುಬಿಡಿ.

ಚೌಕಟ್ಟು

ಕೊಟ್ಟರೆ ಅವರು ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಬಿಟ್ಟಿ ಕೆಲಸ ಅಷ್ಟೇ. ನಮ್ಮಲ್ಲಿ ಇದು ದಿನನಿತ್ಯ.

ಕೀಲಿಮಣೆ

ಸುಮ್ಮನಾಗುವವರು ಇದ್ದೇ ಇರುತ್ತಾರೆ. ಆದರೆ ಒಂದು ಸಾಲಿನ ತಿದ್ದುಪಡಿ ನೀವು ಮಾರುವ ಸರಕಲ್ಲ. ಕ್ವಿಕ್‌ಸ್ಟಾರ್ಟ್ ಪೂರ್ತಿ, ಕೀಗಳ ಬಗ್ಗೆ ಒಂದು ಪುಟ, ದೋಷಸಂಖ್ಯೆಗಳ ಪುಟ, ಅದು ಸರಕು. ಗಾಳದ ಮಾತಿಗೆ ನನ್ನ ಬಳಿ ಗಟ್ಟಿ ಉತ್ತರವಿಲ್ಲ. 200 ಅಕ್ಷರದಲ್ಲಿ ಸಮಸ್ಯೆ, ಪರಿಹಾರ ಎರಡೂ ಇಕ್ಕಟ್ಟು, ಜೊತೆಗೆ ಒಪ್ಪಲು ಒಂದು ಕಾರಣ ಬೇಕು, ಹಾಗಾಗಿ ಪ್ರಶ್ನೆ ಇಡುತ್ತೇನೆ. ಸಂಸ್ಥಾಪಕರಾದ ನಿಮಗೆ ಅದು ಚುಚ್ಚಿದರೆ ಇನ್ನೊಬ್ಬರಿಗೂ ಚುಚ್ಚಬಹುದು.

ಒಪ್ಪಿಕೊಂಡ ಮೇಲೆ ಮಾತ್ರ ಏನನ್ನೂ ಹಿಡಿದಿಡಬೇಡಿ. ಆಗಿನ ಸಂದೇಶ ಹೀಗಿರಲಿ, 60 ಪದ ಮೀರದಂತೆ:

> 3ನೇ ಹಂತದ ವಿಳಾಸವನ್ನು ಟೆಸ್ಟ್ ವಿಳಾಸಕ್ಕೆ ಬದಲಿಸಿದರೆ ಹೊಸ ಕೀಗೆ `200` ಬರುತ್ತದೆ, ಎರಡು ಹೊಸ ಖಾತೆಯಲ್ಲಿ ನೋಡಿದ್ದೇನೆ. ಇಶ್ಯೂಗಳಲ್ಲಿ ಇಬ್ಬರು ಕೇಳಿರುವುದೂ ಇದನ್ನೇ. ಟೆಸ್ಟ್, ಲೈವ್ ವ್ಯತ್ಯಾಸ ಕ್ವಿಕ್‌ಸ್ಟಾರ್ಟ್‌ನಲ್ಲಿ ಎಲ್ಲೂ ಇಲ್ಲ. ಕ್ವಿಕ್‌ಸ್ಟಾರ್ಟ್ ಮತ್ತು ಕೀಗಳ ಪುಟ, ಎರಡನ್ನೂ 5 ಕೆಲಸದ ದಿನದಲ್ಲಿ ನಿಗದಿತ ಮೊತ್ತಕ್ಕೆ ಬರೆದುಕೊಡಬಲ್ಲೆ. ಮೊತ್ತ ಮತ್ತು ಇಂಥದ್ದೇ ಒಂದು ಹಳೆಯ ಪುಟ ಕಳಿಸಲೇ?

ಕೆಲಸದ ಗಡಿ ಎಷ್ಟು ಚಿಕ್ಕದಾಗಿದೆ ನೋಡಿ: ಎರಡು ಪುಟ, ಐದು ದಿನ. ಇಷ್ಟಕ್ಕೆ ಯಾರನ್ನೂ ಕೇಳದೆ ಸಂಸ್ಥಾಪಕರು ತಾವೇ ಹೂಂ ಅನ್ನಬಹುದು. "ನಿಮ್ಮ ಡಾಕ್ಸ್ ಪೂರ್ತಿ ನೋಡಿಕೊಳ್ಳುತ್ತೇನೆ" ಎಂದರೆ ಅದು ಬಜೆಟ್ಟಿನ ಮಾತು, ಮುಂದಿನ ತ್ರೈಮಾಸಿಕಕ್ಕೆ ಹೋಗುತ್ತದೆ.

ಪಿಡಿಎಫ್ ಅಂಟಿಸಬೇಡಿ. ಪೋರ್ಟ್‌ಫೋಲಿಯೋ ಮುಖಪುಟದ ಬದಲು ಅವರ ಸಮಸ್ಯೆಗೆ ಹತ್ತಿರದ ಒಂದೇ ಪುಟದ ಲಿಂಕ್, ಅದೂ ಅವರು ಕೇಳಿದ ಮೇಲೆ.

ಚೌಕಟ್ಟು

ಉತ್ತರ ಬರಲಿಲ್ಲ ಅಂದರೆ ಎಷ್ಟು ಸಲ ಕೆದಕುವುದು?

ಕೀಲಿಮಣೆ

ಒಮ್ಮೆ. ಐದಾರು ಕೆಲಸದ ದಿನ ಬಿಟ್ಟು. "ನನ್ನ ಸಂದೇಶ ನೋಡಿದಿರಾ" ಎಂದಲ್ಲ, ಹೊಸದೊಂದು ಸಂಗತಿಯೊಡನೆ. ಅರ್ಧವಿರಾಮ ಅವರ ವಿಷಯದಲ್ಲಿ ಎರಡು ದಾರಿ ಇದೆ. ಅವರು ಸುಮ್ಮನೆ ಪುಟ ತಿದ್ದಿಬಿಟ್ಟಿದ್ದರೆ: "3ನೇ ಹಂತ ಸರಿಯಾಗಿದೆ, ಚೆನ್ನಾಯಿತು. ಪೈಥಾನ್ ಗೈಡ್‌ನಲ್ಲೂ ಅದೇ ಲೈವ್ ವಿಳಾಸ ಇದೆ." ತಿದ್ದಿರದಿದ್ದರೆ ಆ ಪೈಥಾನ್ ಗೈಡ್ ಮಾತಷ್ಟೇ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ.

ಇನ್ವೈಟನ್ನೇ ಒಪ್ಪದಿದ್ದರೆ ಮೂರ್ನಾಲ್ಕು ವಾರದ ನಂತರ ಹಿಂತೆಗೆದುಕೊಳ್ಳಿ. ಹಿಂತೆಗೆದ ಮೇಲೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಸುಮಾರು ಮೂರು ವಾರ ಬಿಡುವುದಿಲ್ಲ, ಅದು ಗೊತ್ತಿರಲಿ. ಅಷ್ಟರಲ್ಲಿ ಎಕ್ಸ್‌ನಲ್ಲಿ ಅವರ ಡಿಎಂ ಎಲ್ಲರಿಗೂ ತೆರೆದಿದ್ದರೆ ಅಲ್ಲಿ ಅದೇ ಟಿಪ್ಪಣಿ ಹಾಕಬಹುದು. ಎರಡೂ ಕಡೆ ಒಂದೇ ದಿನ ಬೇಡ, ಬೆನ್ನಟ್ಟಿದಂತೆ ಕಾಣುತ್ತದೆ.

ಹಣ ಕೊಟ್ಟ ಖಾತೆ ಇದ್ದರೆ ಇನ್‌ಮೇಲ್ ಇದೆ, ಸಂಪರ್ಕದಲ್ಲಿ ಇಲ್ಲದವರಿಗೂ ನೇರ ಬರೆಯಬಹುದು, ಒಂದು ಸಂದೇಶಕ್ಕೆ ಒಂದು ಕ್ರೆಡಿಟ್ ಹೋಗುತ್ತದೆ. 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ವಾಪಸ್ ಸಿಗುತ್ತದೆ, "ಬೇಡ" ಎಂಬ ಉತ್ತರಕ್ಕೂ. ಅಲ್ಲಿ ಜಾಗ ಹೆಚ್ಚಿದೆ ಎಂದು ಹಿಗ್ಗಿಸಬೇಡಿ. ಟಿಪ್ಪಣಿಯ ಮೊದಲ ವಾಕ್ಯ ವಿಷಯದ ಸಾಲಿಗೆ ಹೋಗಲಿ, ಮಿಕ್ಕಿದ್ದು ಅಷ್ಟೇ ಇರಲಿ.

ಮೊದಲಹೆಜ್ಜೆ

ಹೂಡಿಕೆದಾರರಿಗೂ ಇದೇ 200 ಅಕ್ಷರ ಮಿತಿನಾ?

ಗುಂಡಿಒತ್ತು

ಲಿಂಕ್ಡ್‌ಇನ್‌ಗೆ ಯಾರಾದ್ರೇನು ಮಾರಾಯ್ರೆ, ಪೆಟ್ಟಿಗೆ ಒಂದೇ.

ಎರಡನೇಸಾಲು

ಮೊತ್ತವನ್ನು ಮೊದಲ ಸಂದೇಶದಲ್ಲೇ ಹೇಳಿಬಿಡುವುದು ಒಳ್ಳೆಯದಲ್ಲವೇ? ಆಗದವರು ಅಲ್ಲೇ ಬಿಡುತ್ತಾರೆ, ಇಬ್ಬರ ಸಮಯವೂ ಉಳಿಯುತ್ತದೆ.

ಬಾಗಿಲಾಚೆ

ಒಪ್ಪಿಕೊಂಡ ಮೇಲಿನ ಸಂದೇಶದಲ್ಲಿ ಆದರೆ ನನಗೆ ಇಷ್ಟ. ಟಿಪ್ಪಣಿಯಲ್ಲೇ ಕಂಡರೆ ದರಪಟ್ಟಿ ಎಸೆದ ಹಾಗೆ.

ಕೀಲಿಮಣೆ

ನಾನು ಕೇಳಿದ ಮೇಲೆ ಕೊಡುವ ಪಕ್ಷ. ಕಾರಣ ಇಷ್ಟೇ, ಕೀಗಳ ಪುಟ ಬರೆಯಲು ಅವರ ಒಳಗಿನ ಮಾಹಿತಿ ಎಷ್ಟು ಬೇಕು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಕುರುಡಾಗಿ ಹೇಳಿದ ಮೊತ್ತ ಆಮೇಲೆ ಕುತ್ತಿಗೆಗೆ ಬರುತ್ತದೆ. ಕೆಲಸದ ಅಳತೆ ಹೊರಗಿನಿಂದಲೇ ಕಾಣುವಂತಿದ್ದರೆ, ಚೌಕಟ್ಟು ಅವರ ಒಂದು ನಿಮಿಷದ ಡೆಮೋದಂತೆ, ಮೊದಲೇ ಹೇಳಬಹುದು.

ಅರ್ಧವಿರಾಮ

ಟಿಪ್ಪಣಿ ಇವತ್ತು ಬೆಳಗ್ಗೆ ಹೋಯಿತು. ಬಾಗಿಲಾಚೆಯವರ ಮಾತು ಕೊರೆಯುತ್ತಿತ್ತು, ಹಾಗಾಗಿ ಕೊನೆಯ ಪ್ರಶ್ನೆ ಬದಲಿಸಿ "ಟೆಸ್ಟ್ ವಿಳಾಸ ಹಾಕಿದರೆ ಸರಿಹೋಗುತ್ತದೆ" ಎಂದು ಬರೆದೆ, ಇಂಗ್ಲಿಷಿನಲ್ಲಿ 200ರೊಳಗೆ ಕೂತಿತು. ಮಧ್ಯಾಹ್ನದ ಹೊತ್ತಿಗೆ ಒಪ್ಪಿಕೊಂಡರು, ಸಂದೇಶವೇನೂ ಇಲ್ಲ. ಈಗ ಪುಟ ತೆರೆದು ನೋಡಿದೆ, 3ನೇ ಹಂತದಲ್ಲಿ ಟೆಸ್ಟ್ ವಿಳಾಸ ಬಂದಿದೆ.

ಚೌಕಟ್ಟು

ಹೇಳಿದೆನಲ್ಲ :)

ಕೀಲಿಮಣೆ

ನಾಳೆಯವರೆಗೆ ಬಿಡಿ. ಅವರು ಬರೆಯದಿದ್ದರೆ ನೀವು ಎರಡನೇ ಸಂದೇಶ ಹಾಕಿ, ಅದರ ಮೊದಲ ವಾಕ್ಯ ತೆಗೆದುಹಾಕಿ, ಅದು ಈಗ ಹಳತು. ಪೈಥಾನ್ ಗೈಡ್‌ನಿಂದ ಶುರು ಮಾಡಿ. ಅದಕ್ಕೂ ಮೊದಲು ಆ ಗೈಡನ್ನು ಈಗಲೇ ಮತ್ತೊಮ್ಮೆ ಓಡಿಸಿ ನೋಡಿ, ಕೈ ಹಾಕಿದವರು ಅದನ್ನೂ ತಿದ್ದಿರಬಹುದು.

ಅರ್ಧವಿರಾಮ

ಓಡಿಸಿದೆ. ಅಲ್ಲಿ ಇನ್ನೂ 401.